ನಿನ್ನೆ ಎಲ್ಲಿಗೆ ಬಿಟ್ಟಿದ್ದೆ? ಇಂಟರ್‌ವ್ಯೂ ತಯಾರಿಯ ಪ್ರಶ್ನೋತ್ತರ ಫೈಲು ಇಟ್ಟುಕೊಳ್ಳುವ ಬಗೆ

ಬೆಟಗೇರಿಯಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಬಿ.ಕಾಂ. ಮುಗಿಸಿ, ಹುಬ್ಬಳ್ಳಿ ಗೋಕುಲ ರೋಡಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಶನಿವಾರ ಇಂಟರ್‌ವ್ಯೂ. ಫೋನ್ ಬಂದದ್ದು ಮಂಗಳವಾರ ಬೆಳಿಗ್ಗೆ.

"ಮಾಮಾ, ಭಾನುವಾರದಿಂದ ಓದಾಕತ್ತೀನ್ರಿ. ನಿನ್ನೆ ರಾತ್ರಿ ಎಲ್ಲಾ ಬರತಿತ್ತು, ಇವತ್ತ ಒಂದೂ ನೆನಪಾಗವಲ್ದು."

"ನಿನ್ನೆ ಎಲ್ಲಿಗೆ ಬಿಟ್ಟಿದ್ದಿ?"

ಆ ಕಡೆಯಿಂದ ಮಾತಿಲ್ಲ. ಮೊಬೈಲಿನ ಗೂಗಲ್ ಡಾಕ್ಸ್‌ನಲ್ಲಿ 31 ಪ್ರಶ್ನೆ, ಉತ್ತರ ತುಂಬಿಸಿಟ್ಟಿದ್ದಳು. 22 ಪುಟ. ಭಾನುವಾರ ಮೊದಲಿಂದ ಓದಿದಳು, 12ನೇ ಪ್ರಶ್ನೆಗೆ ನಿದ್ದೆ ಬಂತು. ಸೋಮವಾರ "ಒಮ್ಮೆ ಮೊದಲಿಂದ ನೋಡಿಬಿಡೋಣ" ಅಂತ ಶುರು ಮಾಡಿದಳು, ಮತ್ತೆ 12ಕ್ಕೇ ನಿಂತಳು. "ನಿಮ್ಮ ಪರಿಚಯ ಹೇಳಿ" ಅನ್ನುವ ಪ್ರಶ್ನೆಗೆ ಉತ್ತರ ನೀರು ಕುಡಿದಂತೆ ಬರುತ್ತಿತ್ತು. ನಮ್ಮ ಪುಸ್ತಕದ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ಹೋಲಿಸುವ ಬ್ಯಾಂಕ್ ತಾಳೆ ಪಟ್ಟಿ 14ನೇ ಪ್ರಶ್ನೆ. ಅದನ್ನು ಇನ್ನೂ ಮುಟ್ಟೇ ಇರಲಿಲ್ಲ.

ನಾನು ಅವಳಿಗೆ ಬೈಯಲಿಲ್ಲ, ಯಾಕೆಂದರೆ ನಾನೂ ಕೆಲಸ ಹುಡುಕುವಾಗ ಇದನ್ನೇ ಮಾಡಿದವನು. ಇನ್ನೂರು ಪುಟದ ನೋಟ್‌ಬುಕ್ಕು, ಮೂರು ಬಣ್ಣದ ಪೆನ್ನು, ಪ್ರತಿದಿನ ಮೊದಲ ಪುಟದಿಂದ ಪಾರಾಯಣ. ಇಂಟರ್‌ವ್ಯೂನಲ್ಲಿ ಕೇಳಿದ್ದೆಲ್ಲ ಕೊನೆಯ ಪುಟಗಳದ್ದು. ಆಮೇಲೆ ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೇ ಸೇರಿದೆ. ಈಗ ಕೆಲವೊಮ್ಮೆ ಮೇಜಿನ ಈಚೆ ಕಡೆ ಕೂತು ಹುಡುಗರಿಗೆ ಪ್ರಶ್ನೆ ಕೇಳುವುದೂ ಉಂಟು. ಆ ವಾರ ನಾವಿಬ್ಬರೂ ಸೇರಿ ಅವಳ ಫೈಲನ್ನು ಹೇಗೆ ಸರಿ ಮಾಡಿದೆವು ಅಂತ ಇಲ್ಲಿ ಹೇಳುತ್ತೇನೆ. ಉದಾಹರಣೆಗಳು ಅಕೌಂಟ್ಸ್‌ನವು. ನಿಮ್ಮದು ಬೇರೆ ಕೆಲಸವಾದರೆ ಪ್ರಶ್ನೆ ಬದಲಾಗುತ್ತದೆ, ಫೈಲಿನ ಕಟ್ಟು ಇದೇ ಇರುತ್ತದೆ.

ಮೊದಲ ಸಾಲು: ನಾಳೆಯ ನಿಮಗೆ ಒಂದು ಚೀಟಿ

ಫೈಲಿನ ತುತ್ತತುದಿಯಲ್ಲಿ, ಮೊದಲ ಪ್ರಶ್ನೆಗಿಂತ ಮೇಲೆ, "ಇಲ್ಲಿಂದ ಶುರು" ಅಂತ ಒಂದು ಸಾಲು ಇರಬೇಕು. ಅದನ್ನು ಬರೆಯಬೇಕಾದದ್ದು ಓದಲು ಕೂತಾಗ ಅಲ್ಲ, ಏಳುವಾಗ. ಏನು ತಿಳಿಯಲಿಲ್ಲ ಅನ್ನುವುದು ಆಗ ತಲೆಯಲ್ಲಿ ಬಿಸಿಬಿಸಿ ಇರುತ್ತದೆ. ಬೆಳಿಗ್ಗೆ ಎದ್ದರೆ ಅದು ಹೋಗಿರುತ್ತದೆ.

ಹಾಗಂತ "14ನೇ ಪ್ರಶ್ನೆಯಿಂದ ಓದಬೇಕು" ಅಂತ ಬರೆದರೆ ಉಪಯೋಗ ಕಡಿಮೆ. ಅದು ಪುಟದ ಸಂಖ್ಯೆ ಅಷ್ಟೇ. ಮಂಗಳವಾರ ರಾತ್ರಿ ಅವಳು ಬರೆದದ್ದು ಹೀಗಿತ್ತು:

> ಇಲ್ಲಿಂದ ಶುರು: ಪ್ರ. 14. ಮೂರು ವ್ಯತ್ಯಾಸ ಹೇಳಲು ಬಂತು. ಅದರಲ್ಲಿ ಯಾವುದಕ್ಕೆ ನಮ್ಮ ಪುಸ್ತಕದಲ್ಲಿ ಎಂಟ್ರಿ ಹಾಕಬೇಕು ಅಂತ ಹೇಳಲು ಬರಲಿಲ್ಲ. ನಾಳೆ ಹಾಳೆ ಮೇಲೆ ಲೆಕ್ಕ ಮಾಡಿ ನೋಡಬೇಕು.

ಇದನ್ನು ಓದಿದ ಕೂಡಲೇ ಕೈಗೆ ಕೆಲಸ ಸಿಗುತ್ತದೆ. "ಎಲ್ಲಿಂದ ಹಿಡಿಯಲಿ" ಅಂತ ಫೈಲನ್ನು ಮೇಲೆ ಕೆಳಗೆ ಎಳೆಯುತ್ತಾ ಅರ್ಧ ಗಂಟೆ ಕಳೆಯುವುದು ತಪ್ಪುತ್ತದೆ. ಇನ್ನೊಂದು ಮಾತು. ಒಂದು ವಿಷಯ ಪೂರ್ತಿ ಮುಗಿಸಿಯೇ ಏಳಬೇಕು ಅಂತ ಹಟ ಬೇಡ. ಸ್ವಲ್ಪ ಬಾಕಿ ಇಟ್ಟು ಎದ್ದರೆ ಮರುದಿನ ಹಿಡಿಯಲು ಒಂದು ಎಳೆ ಸಿಗುತ್ತದೆ. ನೇಕಾರರು ನೂಲಿನ ತುದಿ ಬಿಟ್ಟು ಏಳುವ ಹಾಗೆ. ಅವಳು ನೇಕಾರರ ಊರಾದ ಬೆಟಗೇರಿಯವಳು, ಈ ಮಾತು ತಟ್ಟನೆ ತಿಳಿಯಿತು.

ಒಂದು ಪ್ರಶ್ನೆಗೆ ನಾಲ್ಕು ಭಾಗ

ಅವಳ ಫೈಲು 22 ಪುಟ ಆದದ್ದು ಯಾಕೆ ಅಂದರೆ, ಉತ್ತರಗಳೆಲ್ಲ ಎಲ್ಲಿಂದಲೋ ನಕಲು ಮಾಡಿ ಅಂಟಿಸಿದವು. ಬ್ಯಾಂಕ್ ತಾಳೆ ಪಟ್ಟಿಗೆ ಒಂದೂವರೆ ಪುಟ ವ್ಯಾಖ್ಯೆ, ಉದ್ದೇಶ, ಆರು ಲಾಭ. ಇಂಟರ್‌ವ್ಯೂನಲ್ಲಿ ಅಷ್ಟು ಹೇಳಲು ಯಾರೂ ಬಿಡುವುದಿಲ್ಲ. ಒಂದು ನಿಮಿಷದಲ್ಲಿ ಬಾಯಲ್ಲಿ ಹೇಳಿ ಮುಗಿಸಲು ಆಗದ ಉತ್ತರ ಫೈಲಿನಲ್ಲಿ ಇರಬಾರದು. ಕೆಲವರಿಗೆ ಇದು ಅತಿ ಅನ್ನಿಸಬಹುದು. ನಾನು ಮಾತ್ರ ಇದನ್ನು ಬಿಡುವುದಿಲ್ಲ.

ಅದೇ ಪ್ರಶ್ನೆಯನ್ನು ನಾವು ಮತ್ತೆ ಬರೆದದ್ದು ಹೀಗೆ:

> `1/2` ಪ್ರ. 14. ನಮ್ಮ ಕ್ಯಾಶ್‌ಬುಕ್ಕಿನ ಬ್ಯಾಂಕ್ ಕಾಲಂನಲ್ಲಿ 48,500 ರೂ. ಇದೆ. ಪಾಸ್‌ಬುಕ್ಕಿನಲ್ಲಿ 61,200 ಇದೆ. ಯಾಕೆ?
>
> ಉತ್ತರ: ನಾವು ಕೊಟ್ಟ 15,000ದ ಚೆಕ್ಕನ್ನು ಪಾರ್ಟಿ ಇನ್ನೂ ಬ್ಯಾಂಕಿಗೆ ಹಾಕಿಲ್ಲ. ನಾವು ಹಾಕಿದ 2,000ದ ಚೆಕ್ಕು ಇನ್ನೂ ಜಮಾ ಆಗಿಲ್ಲ. ಬ್ಯಾಂಕು 300 ಚಾರ್ಜು ಹಿಡಿದದ್ದು ನಮಗೆ ಗೊತ್ತಿಲ್ಲ. 48,500 + 15,000 − 2,000 − 300 = 61,200.
>
> ಮರುಪ್ರಶ್ನೆ: ಈ ಮೂರರಲ್ಲಿ ಯಾವುದಕ್ಕೆ ನಮ್ಮ ಪುಸ್ತಕದಲ್ಲಿ ಎಂಟ್ರಿ ಬೇಕು? — ಬ್ಯಾಂಕ್ ಚಾರ್ಜು ಒಂದಕ್ಕೇ. ಚೆಕ್ಕುಗಳ ಎಂಟ್ರಿ ನಮ್ಮಲ್ಲಿ ಆಗಲೇ ಆಗಿದೆ, ಬ್ಯಾಂಕಿನಲ್ಲಿ ಪಾಸಾದ ದಿನ ತಾನೇ ತಾಳೆ ಆಗುತ್ತದೆ.
>
> ಎಡವಿದ್ದು (ಮಂಗಳವಾರ): ಮೂರಕ್ಕೂ ಎಂಟ್ರಿ ಹಾಕಬೇಕು ಅಂದುಬಿಟ್ಟೆ. ಹಾಗೆ ಹಾಕಿದರೆ ಚೆಕ್ಕು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ, ಉತ್ತರ, ಮರುಪ್ರಶ್ನೆ, ಎಡವಿದ್ದು. ಇಷ್ಟೇ. ಪ್ರಶ್ನೆಯ ಮುಂದಿನ ಗುರುತು ಏನು ಅಂತ ಆಮೇಲೆ ಹೇಳುತ್ತೇನೆ.

ಮರುಪ್ರಶ್ನೆ ಯಾಕೆ ಬೇಕು ಅಂದರೆ, ಕೇಳುವವರು ಮೊದಲ ಉತ್ತರದಲ್ಲಿ ಜಾಸ್ತಿ ಏನನ್ನೂ ಹುಡುಕುವುದಿಲ್ಲ. ವ್ಯಾಖ್ಯೆಯನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ ಅಂತ ಅವರಿಗೆ ಗೊತ್ತು. "ಹೌದಾ, ಹಾಗಾದರೆ ಈ ಚಾರ್ಜಿಗೆ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಯಾವ ವೋಚರ್ ಹಾಕ್ತೀರಿ?" ಅಂತ ಕೇಳಿದಾಗ, ಕೆಲಸ ಮಾಡಿದವರು "ಪೇಮೆಂಟ್, `F5`" ಅಂತ ತಕ್ಷಣ ಹೇಳುತ್ತಾರೆ. ಓದಿದವರು ಚಾವಣಿ ನೋಡುತ್ತಾರೆ. ಹಾಗಾಗಿ ನಿಮ್ಮ ಪ್ರತಿ ಉತ್ತರವನ್ನೂ ಓದಿ, "ಇದನ್ನು ಕೇಳಿದ ಮೇಲೆ ನಾನಾಗಿದ್ದರೆ ಇನ್ನೇನು ಕೇಳುತ್ತಿದ್ದೆ?" ಅಂತ ಒಂದೇ ಒಂದು ಪ್ರಶ್ನೆ ಸೇರಿಸಿ.

ಎಡವಿದ್ದು ಅನ್ನುವ ಸಾಲಂತೂ ಇಡೀ ಫೈಲಿನಲ್ಲಿ ಬೆಲೆ ಇರುವ ಸಾಲು. ತಪ್ಪನ್ನು ಅಳಿಸಿ ಸರಿ ಉತ್ತರ ಬರೆದುಬಿಟ್ಟರೆ ಫೈಲು ಚೆಂದ ಕಾಣುತ್ತದೆ. ಆದರೆ ನಿಮ್ಮ ತಲೆ ಯಾವ ಕಡೆ ಜಾರುತ್ತದೆ ಅನ್ನುವ ಗುರುತು ಅಳಿಸಿಹೋಗುತ್ತದೆ. ನಾಲ್ಕು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಜಾರುತ್ತೀರಿ.

ಮರುದಿನ ಕೂತಾಗ: ಮೊದಲು ಫೈಲು ಓದಬೇಡಿ

"ನಿನ್ನೆ ರಾತ್ರಿ ಎಲ್ಲಾ ಬರತಿತ್ತು" ಅಂದಳಲ್ಲ, ನಿಜವಾಗಿ ಅವಳಿಗೆ ಬರುತ್ತಿರಲಿಲ್ಲ. ಉತ್ತರ ಕಣ್ಣೆದುರು ಇದ್ದಾಗ "ಹಾಂ, ಇದು ಗೊತ್ತು" ಅನ್ನಿಸುತ್ತದೆ. ಅದು ಗುರುತು ಹಿಡಿಯುವುದು. ಇಂಟರ್‌ವ್ಯೂನಲ್ಲಿ ಬೇಕಾದದ್ದು ಏನೂ ಎದುರಿಗಿಲ್ಲದೆ ನೆನಪಿನಿಂದ ಎತ್ತಿ ತರುವುದು. ಎರಡೂ ಒಂದೇ ಅಂದುಕೊಂಡದ್ದೇ ಅವಳ ಎರಡು ದಿನ ತಿಂದುಹಾಕಿತ್ತು.

ಆದ್ದರಿಂದ ಮರುದಿನ ಫೈಲು ತೆರೆದು ಮೇಲಿನ ಚೀಟಿ ಓದಿ. ನಿನ್ನೆ ಎಡವಿದ ಪ್ರಶ್ನೆಗಳನ್ನು ಮಾತ್ರ ಒಂದು ಹಾಳೆಯ ಮೇಲೆ ಇಳಿಸಿಕೊಳ್ಳಿ, ಪ್ರಶ್ನೆ ಅಷ್ಟೇ. ಮೊಬೈಲನ್ನು ಬೋರಲು ಹಾಕಿ. ಈಗ ಒಂದೊಂದಕ್ಕೂ ಗಟ್ಟಿಯಾಗಿ ಉತ್ತರ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ನಡೆಯುವುದಿಲ್ಲ. ಅಲ್ಲಿ ಅರ್ಧ ವಾಕ್ಯಕ್ಕೇ "ಬಂತು ಬಿಡು" ಅಂತ ಮುಂದೆ ಓಡುತ್ತೇವೆ. ಮನೆಯಲ್ಲಿ ನಾಚಿಕೆ ಆದರೆ ಮಾಳಿಗೆ ಮೇಲೆ ಹೋಗಿ. ಅವಳು ಮೊಬೈಲಿನ ರೆಕಾರ್ಡರ್ ಹಚ್ಚಿ ಹೇಳಿದಳು. ಕೇಳಿಸಿಕೊಂಡಾಗ ಪ್ರತಿ ಉತ್ತರವೂ "ಆಕ್ಚುಯಲಿ" ಅಂತಲೇ ಶುರು ಆಗುವುದು ಗೊತ್ತಾಗಿ ಅವಳೇ ನಕ್ಕಳು.

ಭಾಷೆಯನ್ನೂ ಈಗಲೇ ನೋಡಿಕೊಳ್ಳಿ. ನಮ್ಮ ಕಡೆ ಇಂಥ ಇಂಟರ್‌ವ್ಯೂಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಕಲಸಿಯೇ ಮಾತು ನಡೆಯುವುದು ಜಾಸ್ತಿ. ಫೈಲಿನಲ್ಲಿ ಉತ್ತರ ಯಾವ ಭಾಷೆಯಲ್ಲಾದರೂ ಇರಲಿ. ಗಟ್ಟಿಯಾಗಿ ಹೇಳುವಾಗ ಒಂದು ಸಲ ಕನ್ನಡದಲ್ಲಿ, ಒಂದು ಸಲ ಇಂಗ್ಲಿಷ್‌ನಲ್ಲಿ ಹೇಳಿ. ಕನ್ನಡದಲ್ಲೂ ಹೇಳಲು ಬಾರದಿದ್ದರೆ ತೊಂದರೆ ಇಂಗ್ಲಿಷಿನದಲ್ಲ, ವಿಷಯವೇ ತಿಳಿದಿಲ್ಲ ಅಂತ ಅರ್ಥ.

ಹೇಳಿ ಮುಗಿದ ಮೇಲೆ ಫೈಲು ತೆರೆದು ಹೋಲಿಸಿ, ಗುರುತು ಹಾಕಿ. ಸರಿಯಾಗಿ ಬಂದರೆ `OK`. ಮೊದಲ ಉತ್ತರ ಬಂದು ಮರುಪ್ರಶ್ನೆಗೆ ನಿಂತರೆ `1/2`. ಎರಡೂ ಬಾರದಿದ್ದರೆ `XX`. ಗುರುತು ಪ್ರಶ್ನೆಯ ಮುಂದೆ ಇರಲಿ, ಒಂದೇ ಇರಲಿ. ಹಳೆಯದನ್ನು ಅಳಿಸಿ ಹೊಸದು ಹಾಕಿ. ಬೇರೆ ದಿನ ಮತ್ತೆ ಸರಿ ಬಂದರೆ `OK2`. ಇಂಗ್ಲಿಷ್ ಅಕ್ಷರದ ಗುರುತು ಯಾಕೆ ಅಂದರೆ, ಹುಡುಕಲು ಸುಲಭ. ಡಾಕ್ಸ್ ಆ್ಯಪ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ `Find and replace`ಗೆ ಹೋಗಿ `XX` ಅಂತ ಹಾಕಿದರೆ ಎಡವಿದ ಪ್ರಶ್ನೆಗಳು ಒಂದಾದ ಮೇಲೊಂದು ಬರುತ್ತವೆ. "ಸರಿ", "ತಪ್ಪು" ಅಂತ ಗುರುತು ಹಾಕಿದರೆ ಉತ್ತರಗಳ ಒಳಗಿನ ಅದೇ ಪದಗಳೂ ಸಿಕ್ಕಿ ತಲೆ ಕೆಡುತ್ತದೆ.

ನೋಟ್‌ಬುಕ್ಕಿನವರು ಎಡ ಪುಟದಲ್ಲಿ ಪ್ರಶ್ನೆ, ಬಲ ಪುಟದಲ್ಲಿ ಉತ್ತರ ಬರೆಯಿರಿ. ಬಲ ಪುಟವನ್ನು ಮಡಚಿದರೆ ಸಾಕು. ಗುರುತು ಪೆನ್ಸಿಲಿನಲ್ಲಿ.

ಆ ವಾರ ನಡೆದದ್ದು

ಮಂಗಳವಾರ ಮಧ್ಯಾಹ್ನ 31 ಪ್ರಶ್ನೆಗಳನ್ನೂ ಒಂದು ಸುತ್ತು ಹೀಗೆ ಕೇಳಿಕೊಂಡಳು. 9 ಸರಿ, 8 ಅರ್ಧ, 14 ಎಡವಿದ್ದು. ಅವಳಿಗೆ ಬೇಜಾರಾಯಿತು. ನನಗೆ ಸಮಾಧಾನ ಆಯಿತು, ಯಾಕೆಂದರೆ 31ರ ಬದಲು 22 ಪ್ರಶ್ನೆಯ ಕೆಲಸ ಉಳಿಯಿತು. ಆ ಸರಿಯಾದ 9ನ್ನು ಶುಕ್ರವಾರದ ತನಕ ಮುಟ್ಟಬಾರದು ಅಂದೆ. ಇದು ಅವಳಿಗೆ ಕಷ್ಟ ಆಯಿತು. ಬಂದದ್ದನ್ನೇ ಮತ್ತೆ ಓದುವುದು ಹಿತವಾಗಿರುತ್ತದೆ ನೋಡಿ. ನಡುವೆ ಎರಡು ದಿನ ಬಿಟ್ಟು ಕೇಳಿಕೊಂಡಾಗಲೂ ಬಂದರೆ ಮಾತ್ರ ಅದು ನಿಮ್ಮದು.

ಬುಧವಾರ ಬೆಳಿಗ್ಗೆ ಚೀಟಿಯಿಂದ ಶುರು. ಹಾಳೆ ಮೇಲೆ ಲೆಕ್ಕ ಮಾಡಿ 14ನೇ ಪ್ರಶ್ನೆ ಪಾರಾಯಿತು. ಆಮೇಲೆ `XX`ಗಳು, ಕೊನೆಗೆ `1/2`ಗಳು.

ಅವತ್ತೇ ಒಂದು ದೊಡ್ಡ ತಪ್ಪು ಸಿಕ್ಕಿತು. ಜಿಎಸ್‌ಟಿ ದರಗಳು ಯಾವುವು ಅನ್ನುವ ಪ್ರಶ್ನೆಗೆ ಅವಳ ಫೈಲಿನಲ್ಲಿ 5, 12, 18, 28 ಅಂತ ಇತ್ತು. ಅವಳು ಅದನ್ನು ಸೊಗಸಾಗಿ ಒಪ್ಪಿಸಿ `OK` ಹಾಕಿಕೊಂಡಿದ್ದಳು. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿವೆ. 12 ಮತ್ತು 28ರಲ್ಲಿದ್ದ ಹೆಚ್ಚಿನ ಸರಕುಗಳು 5 ಇಲ್ಲವೇ 18ಕ್ಕೆ ಬಂದವು, ಕೆಲವಕ್ಕೆ 40 ಆಯಿತು. ಉತ್ತರ ಹಳೆಯ ಯಾವುದೋ ಪಟ್ಟಿಯದು. ಈ ಬಗೆಯ ಪ್ರಶ್ನೋತ್ತರ ಫೈಲಿನ ದೊಡ್ಡ ಅಪಾಯವೇ ಇದು. ತಪ್ಪು ಉತ್ತರ ಒಳಗೆ ಕೂತರೆ, ನೀವು ಅಭ್ಯಾಸ ಮಾಡಿದಷ್ಟೂ ಅದೇ ಗಟ್ಟಿಯಾಗುತ್ತದೆ. ದರ, ಕೊನೇ ದಿನಾಂಕ, ಮಿತಿ ಇಂಥವು ಇರುವ ಉತ್ತರದ ಕೊನೆಗೆ "ಯಾವತ್ತು, ಎಲ್ಲಿ ನೋಡಿದ್ದು" ಅಂತ ಒಂದು ಸಾಲು ಇರಲಿ. ನೋಡುವುದು ಇಲಾಖೆಯ ಜಾಲತಾಣದಲ್ಲಿ, ಜಿಎಸ್‌ಟಿಗಾದರೆ `cbic-gst.gov.in`. ಆ ಸಾಲು ಇಲ್ಲದ ಉತ್ತರಕ್ಕೆ `OK` ಹಾಕಬಾರದು.

ಗುರುವಾರ ಲಕ್ಷ್ಮೇಶ್ವರದಲ್ಲಿ ಸಂಬಂಧಿಕರ ಮನೆ ನಿಶ್ಚಯ. ಇಡೀ ದಿನ ಹೋಯಿತು. ರಾತ್ರಿ ಹತ್ತಕ್ಕೆ ಫೋನ್: "ಮಾಮಾ, ಇವತ್ತಿಂದೂ ಸೇರಿಸಿ ನಾಳೆ ಎರಡು ದಿನದ್ದು ಓದ್ತೀನ್ರಿ." ಬೇಡ ಅಂದೆ. ತಪ್ಪಿದ ದಿನವನ್ನು ತುಂಬಿಕೊಳ್ಳಲು ಹೋದರೆ ಮತ್ತೆ ಮೊದಲ ಪುಟದಿಂದ ಗಡಿಬಿಡಿಯಲ್ಲಿ ಓದುವುದೇ ಆಗುತ್ತದೆ. ಒಂದು ದಿನ ತಪ್ಪಿದರೆ ಕೈಬಿಡಬೇಕಾದದ್ದು ಹೊಸ ಪ್ರಶ್ನೆಗಳನ್ನು. ಎಡವಿದವನ್ನು ಕೇಳಿಕೊಳ್ಳುವುದು ಮಾತ್ರ ನಡೆಯಲೇಬೇಕು. ಬುಧವಾರ ರಾತ್ರಿ ಬರೆದ ಚೀಟಿ ಹಾಗೇ ಇತ್ತು, ಶುಕ್ರವಾರ ಅಲ್ಲಿಂದಲೇ ಹಿಡಿದಳು. ನಡುವೆ ಒಂದು ದಿನ ಹೋದದ್ದು ಚೀಟಿಗೆ ಗೊತ್ತಾಗುವುದಿಲ್ಲ, ಅಲ್ವಾ?

ಯಾವ ಪುಸ್ತಕದಲ್ಲೂ ಇಲ್ಲದ ಪ್ರಶ್ನೆ

ಅವಳ 31 ಪ್ರಶ್ನೆಗಳಲ್ಲಿ ಅವಳ ಬಗ್ಗೆಯೇ ಇದ್ದದ್ದು ಎರಡು. ರೆಸ್ಯೂಮೆ ತೆಗೆದು ಒಂದೊಂದು ಸಾಲಿಗೂ ಒಂದು ಪ್ರಶ್ನೆ ಬರೆ ಅಂದೆ. ಡಿಗ್ರಿ ಮುಗಿದು ಒಂದು ವರ್ಷ ಖಾಲಿ ಕಾಣುತ್ತಿತ್ತು. "ಏನ್ ಮಾಡಿದಿ ಆ ವರ್ಷ?" ಅಂತ ಕೇಳಿದರೆ, "ಏನಿಲ್ರಿ, ಗದಗಿನಾಗ ಒಂದು ಬೀಜ ಗೊಬ್ಬರದ ಅಂಗಡ್ಯಾಗ ಎಂಟು ತಿಂಗಳು ಸುಮ್ನೆ ಬಿಲ್ ಬರೀತಿದ್ದೆ" ಅಂದಳು.

ಎಂಟು ತಿಂಗಳು ಬಿಲ್ ಬರೆದದ್ದು ಸುಮ್ನೆನಾ? ಕೆದಕಿ ಕೇಳಿದೆ. ಒಮ್ಮೆ ಒಬ್ಬ ಸರಬರಾಜುದಾರರ ಖಾತೆ 270 ರೂಪಾಯಿ ತಾಳೆ ಆಗಲಿಲ್ಲವಂತೆ. 270ನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ, ಹಾಗಾಗಿ ಅಂಕಿ ಅದಲುಬದಲು ಆಗಿರಬಹುದು ಅಂತ ಕಾಲೇಜಿನಲ್ಲಿ ಕಲಿತದ್ದು ನೆನಪಾಯಿತು. ಬಿಲ್ಲುಗಳನ್ನು ಆ ಕಣ್ಣಿನಿಂದ ನೋಡಿದಾಗ 2,740ರ ಬಿಲ್ಲು 2,470 ಅಂತ ಬಿದ್ದದ್ದು ಸಿಕ್ಕಿತು. ಇದನ್ನು ಹೇಳಿ ಅವಳು ಮುಂದಿನ ಮಾತಿಗೆ ಹೋಗಿಬಿಟ್ಟಳು. ನಾನು ಅಲ್ಲೇ ತಡೆದೆ. ಮೇಜಿನ ಈಚೆ ಕೂತವನಿಗೆ ಬೇಕಾದದ್ದೇ ಅದು.

> ಪ್ರ. 32. ಲೆಕ್ಕದಲ್ಲಿ ನೀವೇ ಹುಡುಕಿದ ಒಂದು ತಪ್ಪು ಹೇಳಿ.
>
> ಮರುಪ್ರಶ್ನೆ: ವ್ಯತ್ಯಾಸ 9ರಿಂದ ಭಾಗವಾಗದಿದ್ದರೆ ಏನು ಮಾಡುತ್ತಿದ್ದಿರಿ? — ಅದೇ ಮೊತ್ತದ ಬಿಲ್ಲು ಬಿಟ್ಟುಹೋಗಿದೆಯಾ ನೋಡುತ್ತೇನೆ. ಅರ್ಧ ಮೊತ್ತದ ಎಂಟ್ರಿ ಡೆಬಿಟ್ ಬದಲು ಕ್ರೆಡಿಟ್‌ಗೆ ಬಿದ್ದಿದೆಯಾ ನೋಡುತ್ತೇನೆ.

ಇಂಥ ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಬರೆಯಬೇಡಿ. "ಅಂಗಡಿ, 270, ಒಂಬತ್ತು, 2,740" ಇಷ್ಟು ಮೊಳೆ ಹೊಡೆದಿಟ್ಟರೆ ಸಾಕು. ಪೂರ್ತಿ ಬರೆದರೆ ಬಾಯಿಪಾಠ ಆಗುತ್ತದೆ, ನಿಮ್ಮ ಸ್ವಂತ ಅನುಭವವೂ ಎರವಲು ತಂದ ಹಾಗೆ ಕೇಳಿಸುತ್ತದೆ.

ಹಿಂದಿನ ದಿನ, ಮತ್ತೆ ಅದರ ಮರುದಿನ

ಶುಕ್ರವಾರ ಮಧ್ಯಾಹ್ನದ ಮೇಲೆ ಹೊಸ ಪ್ರಶ್ನೆ ಬಂದ್. ಮಂಗಳವಾರದ `OK`ಗಳನ್ನು ಅವತ್ತು ಕೇಳಿಕೊಂಡಳು. ದರದ ಪ್ರಶ್ನೆ ಬಿಟ್ಟು ಉಳಿದ ಎಂಟರಲ್ಲಿ ಏಳು ಬಂದವು. ಸಂಜೆಗೆ ಇನ್ನೂ ಐದು `XX` ಉಳಿದಿದ್ದವು. ಅವುಗಳಲ್ಲಿ ಎರಡು ಟಿಡಿಎಸ್‌ನವು, ಅವಳು ಆ ಕೆಲಸ ಮಾಡಿಯೇ ಇರಲಿಲ್ಲ. ಅವಕ್ಕೆ ಉತ್ತರ ಉರು ಹೊಡೆಯುವುದು ಬೇಡ, "ಮಾಡಿಲ್ಲ, ಹೀಗೆ ಕಡಿತ ಮಾಡಿ ಕಟ್ಟುತ್ತಾರೆ ಅನ್ನುವಷ್ಟು ಗೊತ್ತು" ಅಂತ ಹೇಳುವುದನ್ನೇ ಅಭ್ಯಾಸ ಮಾಡು ಅಂದೆ. ಬಾರದ ಪ್ರಶ್ನೆಗೂ ಫೈಲಿನಲ್ಲಿ ಹೀಗೆ ಒಂದು ಉತ್ತರ ಇರಬೇಕು. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಬಾಯಿಗೆ ಸುಳ್ಳು ಬರುತ್ತದೆ, ಮರುಪ್ರಶ್ನೆಗೆ ಸಿಕ್ಕಿಬೀಳುತ್ತೇವೆ.

ಮಲಗುವ ಮುಂಚೆ ಫೈಲನ್ನು ಆಫ್‌ಲೈನ್ ಇಟ್ಟುಕೊಂಡಳು. ಆ್ಯಪ್‌ನಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ `Make available offline` ಅಂತ ಸಿಗುತ್ತದೆ. ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಸುಮಾರು ಒಂದು ತಾಸು. ಅಷ್ಟರಲ್ಲಿ ಓದಬೇಕಾದದ್ದು "ಎಡವಿದ್ದು" ಸಾಲುಗಳನ್ನು ಮಾತ್ರ. ಅಣ್ಣಿಗೇರಿ ದಾಟುವ ಹೊತ್ತಿಗೆ ಅವು ಮುಗಿದಿದ್ದವಂತೆ, ಉಳಿದ ದಾರಿ ಕಿಟಕಿ ನೋಡುತ್ತಾ ಬಂದಳು.

ಇಂಟರ್‌ವ್ಯೂ ಮುಗಿದ ಮೇಲೆ ಮಾಡುವ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಹೊರಗೆ ಬಂದ ಒಂದು ಗಂಟೆಯೊಳಗೆ, ಮನೆಗೆ ಫೋನ್ ಮಾಡುವ ಮೊದಲೇ, ಕೇಳಿದ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಫೈಲಿಗೆ ಹಾಕಿ. ರಾತ್ರಿಗೆ ಅರ್ಧ ಮರೆತಿರುತ್ತೀರಿ. ನೆನಪಿರುವುದು ಚೆನ್ನಾಗಿ ಉತ್ತರಿಸಿದವು ಮಾತ್ರ.

ಅವಳು ಹುಬ್ಬಳ್ಳಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಏಳು ಪ್ರಶ್ನೆ ಬರೆದಳು. ಅದರಲ್ಲಿ ಮೂರು ಫೈಲಿನಲ್ಲಿ ಇದ್ದವು, 32ನೆಯದೂ ಸೇರಿ. ನಾಲ್ಕು ಹೊಸವು. ನಾಲ್ಕಕ್ಕೂ `XX` ಹಾಕಿ, ಮೇಲಿನ ಚೀಟಿ ಬದಲಿಸಿ ನನಗೆ ಕಳಿಸಿದಳು: "ಇಲ್ಲಿಂದ ಶುರು: ಪ್ರ. 33. ಮಾರಿದ ಸರಕು ವಾಪಸ್ ಬಂದರೆ ಕ್ರೆಡಿಟ್ ನೋಟ್ ಯಾರು ಕೊಡಬೇಕು ಅಂತ ಕೇಳಿದರು. ಉಲ್ಟಾ ಹೇಳಿ ಬಂದೆ."